ಎರಡು ಫೋಟೊ, ಒಬ್ಬನೇ ಮನುಷ್ಯ?

‘ನೋಡೋ, ಅದೇ ಎತ್ತರ, ಅದೇ ಚೆಕ್ಸ್ ಶರ್ಟ್, ಅದೇ ಬಾಗಿಲು. ಅವನೇ ಇದು!’ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟು ಹೀಗೆ ತೀರ್ಪು ಕೊಡುವುದನ್ನು ನೀವೂ ನೋಡಿರಬಹುದು. ಎತ್ತರ, ಬಟ್ಟೆ, ಹಿನ್ನೆಲೆ ಮೂರೂ ಹೊಂದಿಕೊಂಡರೆ ಇನ್ನೇನು ಬೇಕು ಅನಿಸುತ್ತದೆ. ಆದರೆ ಆ ಮೂರನ್ನೂ ಒಂದೊಂದಾಗಿ ಕೆದಕಿದರೆ ಉಳಿಯುವುದು ಬಹಳ ಕಡಿಮೆ.

ನಮ್ಮ ಹಾಸ್ಟೆಲ್‌ನಲ್ಲಿ ಒಂದು ರಾತ್ರಿ ಲ್ಯಾಪ್‌ಟಾಪ್ ಬ್ಯಾಗ್ ಕಳುವಾಯಿತು. ಕಾರಿಡಾರಿನ ಸಿಸಿಟಿವಿಯಲ್ಲಿ ಬ್ಯಾಗ್ ಹಿಡಿದವನು ಕಂಡ, ಮುಖ ಮಾತ್ರ ಮಸುಕು. ಅವನ ತಲೆ ಹಿಂದಿನ ಬಾಗಿಲಿನ ಮೇಲೆ ಸುಮಾರು 154 ಸೆಂ.ಮೀ. ಎತ್ತರಕ್ಕೆ ಬರುತ್ತಿತ್ತು. ಅದೇ ಬಾಗಿಲಿಗೆ ಒರಗಿ ನಿಂತ ಜೂನಿಯರ್ ಒಬ್ಬನ ಹಳೆಯ ಫೋಟೊ ಯಾರದೋ ಮೊಬೈಲಿನಲ್ಲಿತ್ತು. ಅವನ ಎತ್ತರ 155. ಅವನದೂ ಚೆಕ್ಸ್ ಶರ್ಟ್. ಅಷ್ಟು ಸಾಕಾಯಿತು, ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು.

ಭೌತವಿಜ್ಞಾನದ ವಿದ್ಯಾರ್ಥಿಯಾದ ನನಗೆ ಇಲ್ಲಿ ಒಂದು ಅನುಮಾನ. ಜೂನಿಯರ್ ಬಾಗಿಲಿಗೆ ಒರಗಿದ್ದ, ಆದರೆ ಸಿಸಿಟಿವಿಯಲ್ಲಿದ್ದವನ ಕಾಲು ಬಾಗಿಲಿಗಿಂತ ಎರಡು ಹೆಂಚು ಮುಂದಿತ್ತು. ಕ್ಯಾಮೆರಾ ನೆಲದಿಂದ 260 ಸೆಂ.ಮೀ. ಎತ್ತರದಲ್ಲಿ ಕೆಳಮುಖವಾಗಿ ನೋಡುತ್ತದೆ. ಅದರಿಂದ ಬಾಗಿಲಿಗೆ 3.6 ಮೀಟರ್, ಅವನು ನಿಂತ ಜಾಗಕ್ಕೆ 3 ಮೀಟರ್. ಮೇಲಿನಿಂದ ಬರುವ ನೋಟದ ಗೆರೆ ಅವನ ನೆತ್ತಿಯನ್ನು ಸವರಿ, ಇನ್ನೂ ಕೆಳಗಿಳಿದು ಬಾಗಿಲಿಗೆ ತಾಗುತ್ತದೆ. ಹೀಗಾಗಿ ಅವನು ಇರುವುದಕ್ಕಿಂತ ಕುಳ್ಳಗೆ ಕಾಣುತ್ತಾನೆ.

ಲೆಕ್ಕ ಕಷ್ಟವೇನಲ್ಲ. ಬಾಗಿಲಿನ ಮೇಲೆ ಕಂಡ ತಲೆ ಕ್ಯಾಮೆರಾಕ್ಕಿಂತ 106 ಸೆಂ.ಮೀ. ಕೆಳಗಿದೆ. ಅದನ್ನು 3.6ರಿಂದ ಭಾಗಿಸಿ 3ರಿಂದ ಗುಣಿಸಿದರೆ ಸುಮಾರು 88. ಅಂದರೆ ನಿಜವಾದ ತಲೆ ಕ್ಯಾಮೆರಾಕ್ಕಿಂತ 88 ಸೆಂ.ಮೀ. ಕೆಳಗೆ. 260ರಲ್ಲಿ 88 ಕಳೆದರೆ 172!

ವಾರ್ಡನ್ ಸರ್ ಅನುಮತಿ ಪಡೆದು ಪರೀಕ್ಷಿಸಿಯೂ ನೋಡಿದೆವು. ಕ್ಯಾಮೆರಾವನ್ನು ಅಲುಗಿಸದೆ, ಅದೇ ಹೆಂಚಿನ ಮೇಲೆ ಜೂನಿಯರ್‌ನನ್ನು ನಿಲ್ಲಿಸಿದೆವು. ಅವನ ತಲೆ ಬಾಗಿಲಿನ 134ರ ಹತ್ತಿರ ನಿಂತಿತು. ಕಳ್ಳನಿಗಿಂತ 20 ಸೆಂ.ಮೀ. ಕೆಳಗೆ. ಅಪರಾಧ ತನಿಖೆಯಲ್ಲೂ ತಜ್ಞರು ಹೀಗೆಯೇ ಅದೇ ಕ್ಯಾಮೆರಾದ ಮುಂದೆ, ಅದೇ ಜಾಗದಲ್ಲಿ ಅಳತೆಗೋಲು ನಿಲ್ಲಿಸಿ ಎತ್ತರ ಅಂದಾಜಿಸುತ್ತಾರೆ.

ಆಮೇಲೆ ನನ್ನ ರೂಮ್‌ಮೇಟ್ ನಿಂತ. ಅವನು 172. ತಲೆ ಸರಿಯಾಗಿ ಕಳ್ಳನ ಗೆರೆಗೇ ಬಂತು. ಹಾಗಾದರೆ ಅವನೇ ಕಳ್ಳನೇ? ಆ ರಾತ್ರಿ ಅವನು ಊರಿನಲ್ಲಿದ್ದ. ಚಪ್ಪಲಿ, ಕೂದಲು, ನಡೆಯುವಾಗಿನ ಬಾಗು ಎಲ್ಲ ಸೇರಿ ಇಂಥ ಅಳತೆಯಲ್ಲಿ ಮೂರು ಸೆಂ.ಮೀ. ಆಚೀಚೆ ಆಗುವುದು ಸಾಮಾನ್ಯ. 169ರಿಂದ 175ರೊಳಗಿನ ಹುಡುಗರು 120 ಜನರ ಹಾಸ್ಟೆಲ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಸಿಗುತ್ತಾರೆ. ಎತ್ತರದ ದೊಡ್ಡ ವ್ಯತ್ಯಾಸ ಒಬ್ಬನನ್ನು ಪಟ್ಟಿಯಿಂದ ಬಿಡಿಸಬಲ್ಲದು. ಹೊಂದಿಕೆ ಒಬ್ಬನನ್ನು ಹಿಡಿದುಕೊಡಲಾರದು.

ಬಟ್ಟೆಯ ಕಥೆಯೂ ಅಷ್ಟೇ. ಒಂದೇ ವಿನ್ಯಾಸದ ಶರ್ಟು ಸಾವಿರಗಟ್ಟಲೆ ತಯಾರಾಗುತ್ತದೆ. ರಾತ್ರಿ ಸಿಸಿಟಿವಿ ಇನ್‌ಫ್ರಾರೆಡ್ ಬೆಳಕಿನಲ್ಲಿ ಚಿತ್ರ ತೆಗೆಯುವಾಗ ಬಣ್ಣವೇ ಇರುವುದಿಲ್ಲ. ಎಷ್ಟೋ ಕಪ್ಪು ಬಟ್ಟೆಗಳು ಬೂದು ಅಥವಾ ಬಿಳಿಯಾಗಿ ಕಾಣುತ್ತವೆ. ಹರಿದ ತೂತು, ಕಲೆ, ಜೇಬಿನ ಹೊಲಿಗೆಯಲ್ಲಿ ಚೌಕಗಳು ಕೂಡುವ ರೀತಿ ಇವು ಒಂದು ಶರ್ಟನ್ನು ಇನ್ನೊಂದರಿಂದ ಬೇರೆ ಮಾಡಬಹುದು, ಆದರೆ ಮಸುಕು ಚಿತ್ರದಲ್ಲಿ ಅವು ಕಾಣಬೇಕಲ್ಲ! ಅಮೆರಿಕದ ಎಫ್‌ಬಿಐ ಜೀನ್ಸ್ ಹೊಲಿಗೆಯ ಮಸುಕು–ಗಾಢ ಗೆರೆಗಳನ್ನು ಗುರುತಾಗಿ ಬಳಸಿತ್ತು. 2020ರಲ್ಲಿ ಸೋಫಿ ನೈಟಿಂಗೇಲ್ ಮತ್ತು ಹ್ಯಾನಿ ಫರೀದ್ ಅದನ್ನು ಪರೀಕ್ಷಿಸಿದಾಗ, ಒಂದೇ ಜೀನ್ಸಿನ ಎರಡು ಫೋಟೊಗಳೇ ಸಾಕಷ್ಟು ಬೇರೆಯಾಗಿ ಕಾಣಬಹುದೆಂದು ಗೊತ್ತಾಯಿತು. ಶರ್ಟು ಅದೇ ಎಂದು ಸಾಬೀತಾದರೂ ತೊಟ್ಟವನು ಅವನೇ ಎನ್ನಲಾಗದು. ಹಾಸ್ಟೆಲ್‌ನಲ್ಲಿ ಹಗ್ಗದ ಮೇಲಿನ ಶರ್ಟು ಯಾರ ಮೈಮೇಲೆ ಹೋಗುತ್ತದೋ ಯಾರಿಗೆ ಗೊತ್ತು?

ಇನ್ನು ಹಿನ್ನೆಲೆ. ಅದು ಜಾಗವನ್ನು ಹೇಳುತ್ತದೆ, ಮನುಷ್ಯನನ್ನಲ್ಲ. ಆ ಬಾಗಿಲಿನ ಮುಂದೆ ನಾವೆಲ್ಲರೂ ದಿನಾ ಓಡಾಡುತ್ತೇವೆ. ‘ಮೂರು ಸುಳಿವು ಕೂಡಿದವಲ್ಲ’ ಎನ್ನುವವರು ಮರೆಯುವುದು ಇದನ್ನೇ. ಒಂದೇ ಹಾಸ್ಟೆಲ್‌ನ, ಒಂದೇ ವಯಸ್ಸಿನ, ಒಂದೇ ಅಂಗಡಿಬೀದಿಯಲ್ಲಿ ಬಟ್ಟೆ ಕೊಳ್ಳುವ ಹುಡುಗರಲ್ಲಿ ಈ ಮೂರೂ ಒಟ್ಟಿಗೆ ಹೊಂದುವುದು ವಿಶೇಷವೇ ಅಲ್ಲ.

ಬ್ಯಾಗ್ ಸಿಗಲಿಲ್ಲ, ಕಳ್ಳನೂ ಗೊತ್ತಾಗಲಿಲ್ಲ. ಆ ಜೂನಿಯರ್ ಮಾತ್ರ ಮತ್ತೆ ಮೆಸ್ಸಿನಲ್ಲಿ ಎಲ್ಲರ ಜೊತೆ ಕೂತು ಊಟ ಮಾಡುವಂತಾಯಿತು. ಮುಂದಿನ ಸಲ ನಿಮ್ಮ ಗ್ರೂಪಿಗೆ ಇಂಥ ಜೋಡಿ ಫೋಟೊ ಬಂದರೆ ಮೊದಲು ಕಾಲು ಎಲ್ಲಿದೆ, ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಎಂದು ನೋಡಿ. ಆಮೇಲೆ ಕೇಳಿ: ಇದೇ ರೀತಿ ಹೊಂದುವವರು ಇಲ್ಲಿ ಇನ್ನೆಷ್ಟು ಮಂದಿ ಇದ್ದಾರೆ?