ಅಳತೆ ಕೇಳುವ ಒಂದು ಸಂದೇಶ

ತುಮಕೂರಿನಲ್ಲಿರುವ ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ಚನ್ನಪಟ್ಟಣದ ಆಟಿಕೆಗಳನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟಳು. ಮೊದಲು ಆರಿಸಿಕೊಂಡದ್ದು ಕಂಬಕ್ಕೆ ಬಳೆಗಳನ್ನು ಪೋಣಿಸುವ ಆಟಿಕೆ. ಕುಶಲಕರ್ಮಿಗೆ ವಾಟ್ಸಾಪ್‌ನಲ್ಲಿ ‘ಅಣ್ಣ, ಇದರ ಡೀಟೇಲ್ಸ್ ಕಳಿಸಿ’ ಎಂದು ಬರೆದಳು. ಎರಡು ಮಸುಕು ಫೋಟೊ ಬಂತು, ಜೊತೆಗೆ ‘ದೊಡ್ಡದು 350, ಚಿಕ್ಕದು 220’ ಎಂಬ ಒಂದು ಸಾಲು.

ಆತ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಅವರ ಹತ್ತಿರ ಬರುವ ಅಂಗಡಿಯವರು ಸಾಮಾನನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ ಕೊಳ್ಳುತ್ತಾರೆ. ಸೆಂಟಿಮೀಟರ್ ಕೇಳಿದವರೇ ಕಡಿಮೆ. ದಿನವಿಡೀ ಲೇತ್ ಮುಂದೆ ಕೂತು ಮರ ಕಡೆಯುವವರಿಗೆ ‘ಡೀಟೇಲ್ಸ್’ ಎಂದರೆ ಎಲ್ಲಿಂದ ಶುರು ಮಾಡಬೇಕು? ಹಾಗಾಗಿ ಉತ್ತರಿಸಲು ಸುಲಭವಾಗುವಂತೆ ಪ್ರಶ್ನೆ ಕೇಳುವ ಹೊಣೆ ಮಾರುವವರದೇ.

ಎರಡನೇ ಸಲ ಅವಳು ನೋಟ್‌ಬುಕ್ಕಿನ ಹಾಳೆಯಲ್ಲಿ ಆಟಿಕೆಯ ಚಿತ್ರ ಬರೆದಳು. ಒಟ್ಟು ಎತ್ತರಕ್ಕೆ ಅ, ಪೀಠದ ಅಗಲಕ್ಕೆ ಆ, ಅತಿ ಚಿಕ್ಕ ಬಳೆಯ ಹೊರ ಅಗಲಕ್ಕೆ ಇ, ತುದಿಯ ಗುಂಡಿಗೆ ಈ ಎಂದು ಗೆರೆ ಎಳೆದು ಗುರುತು ಹಾಕಿದಳು. ಆ ಹಾಳೆಯ ಫೋಟೊ ಜೊತೆ ಸಂಜೆ ಏಳರ ಮೇಲೆ ಕಳಿಸಿದ ಸಂದೇಶ ಇದು:

‘ಅಣ್ಣ, ನಮಸ್ಕಾರ. ನೀವು ಕಳಿಸಿದ ಕೆಂಪು-ಹಳದಿ ಬಳೆ ಸೆಟ್ಟು, 350 ರೂಪಾಯಿಯದು, ಅದನ್ನು ಮಾರಾಟಕ್ಕೆ ಹಾಕಬೇಕು ಅಂತಿದ್ದೀನಿ. ಚಿತ್ರದಲ್ಲಿ ಅ, ಆ, ಇ, ಈ ಅಂತ ಗುರುತು ಮಾಡಿದ್ದೀನಿ, ಅವುಗಳ ಅಳತೆ ಮಿಲಿಮೀಟರ್‌ನಲ್ಲಿ ಬರೆದು ಕಳಿಸ್ತೀರಾ? ಒಂದಕ್ಕೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ ಬರಬಹುದು? ಪೂರ್ತಿ ತೂಕ ಎಷ್ಟು? ಬಳೆ, ಕಂಬ, ಪೀಠ ಮೂರೂ ಆಲೆ ಮರದ್ದೇನಾ? ಬಣ್ಣ ಅರಗಿನದೋ, ಪೇಂಟೋ? ಮೊಳೆ, ಅಂಟು ಏನಾದರೂ ಇದೆಯಾ? ತುದಿಯ ಗುಂಡಿ ಬಿಚ್ಚಿ ಬರುತ್ತಾ? ಫೋಟೊ ಮೂರು ಬೇಕು: ಪೂರ್ತಿ ಆಟಿಕೆ, ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು, ಪೀಠದ ತಳಭಾಗ ಒಂದು. ಶುಕ್ರವಾರದೊಳಗೆ ಸಿಕ್ಕರೆ ಆರು ಸೆಟ್ಟಿಗೆ ಆರ್ಡರ್ ಕೊಡ್ತೀನಿ.’

ಮರುದಿನವೇ ಅದೇ ಚಿತ್ರದ ಮೇಲೆ ಪೆನ್ನಿನಲ್ಲಿ ಅಂಕಿಗಳು ತುಂಬಿ ಬಂದವು: 160, 90, 42, 28. ಕೈಯಲ್ಲಿ ಕಡೆದದ್ದಾದ್ದರಿಂದ ಎರಡು ಮಿಲಿಮೀಟರ್ ಹೆಚ್ಚುಕಡಿಮೆ. ಪ್ಯಾಕಿಂಗ್ ಸೇರಿ 420 ಗ್ರಾಂ.

ಈ ಅಂಕಿಗಳ ಬೆಲೆ ಕೊರಿಯರ್ ಲೆಕ್ಕದಲ್ಲಿ ತಿಳಿಯಿತು. ಅನೇಕ ಕೊರಿಯರ್‌ನವರು ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಆ ಲೆಕ್ಕ ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. ಅಳತೆ ಗೊತ್ತಿಲ್ಲದಾಗ ಅವಳು ಅಂದಾಜಿನಲ್ಲಿ ಕೊಳ್ಳಬೇಕೆಂದಿದ್ದ ಡಬ್ಬಿ 20×12×12. ಲೆಕ್ಕಕ್ಕೆ 576 ಗ್ರಾಂ ಬರುತ್ತದೆ, ಅಂದರೆ 500 ಗ್ರಾಂ ದಾಟಿ ಮುಂದಿನ ದರ. ಅಳತೆ ಸಿಕ್ಕ ಮೇಲೆ 18×11×11 ಡಬ್ಬಿ ಸಾಕೆಂದು ಕಂಡಿತು. ಅದು 436 ಗ್ರಾಂ. ಸುತ್ತ ಒಂದು ಸೆಂಟಿಮೀಟರ್ ಮೆತ್ತೆ ಇಡಲು ಜಾಗವೂ ಉಳಿಯಿತು.

ವಸ್ತುವಿನ ವಿಷಯದಲ್ಲಿ ‘ಮರ’ ಎಂಬ ಉತ್ತರ ಸಾಲದು. ಚನ್ನಪಟ್ಟಣದ ಹೆಸರು ನಿಂತಿರುವುದು ಆಲೆ ಮರ ಮತ್ತು ಅರಗಿನ ಬಣ್ಣದ ಮೇಲೆ. ಲೇತ್‌ನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೆ ಕರಗಿ ಅಂಟಿಕೊಳ್ಳುತ್ತದೆ. ಬಿಸಿಗೆ ಕರಗುವ ಅದನ್ನು ಬಿಸಿನೀರಲ್ಲಿ ತೊಳೆಯಬಾರದು. ಬೇರೆ ಮರ ಬಳಸಿದ್ದರೂ ತಪ್ಪಲ್ಲ, ಆದರೆ ಹಾಗೆಂದೇ ಬರೆಯಬೇಕು. ಈ ಅಣ್ಣ ಪೀಠ ರಬ್ಬರ್ ಮರದ್ದೆಂದು ಒಪ್ಪಿಕೊಂಡರು. ಉತ್ತರ ಧ್ವನಿ ಸಂದೇಶದಲ್ಲಿ ಬಂದರೆ ಅದನ್ನೇ ಬರೆದು ‘ಸರಿ ತಾನೇ ಅಣ್ಣ?’ ಎಂದು ಖಚಿತ ಮಾಡಿಕೊಳ್ಳಿ. ಗಿರಾಕಿ ತಕರಾರು ತೆಗೆದ ದಿನ ಬರಹ ಬೇಕಾಗುತ್ತದೆ.

ಫೋಟೊ ಮಸುಕಾಗಲು ಮುಖ್ಯ ಕಾರಣ ಟ್ಯೂಬ್‌ಲೈಟ್ ಬೆಳಕಿನಲ್ಲಿ ಕೈ ಅಲುಗುವುದು. ಫ್ಲಾಶ್ ಹಾಕಿದರೆ ಅರಗಿನ ಹೊಳಪಿನ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ. ಕಿಟಕಿ ಪಕ್ಕ, ಬಿಳಿ ಹಾಳೆಯ ಮೇಲಿಟ್ಟು, ಫ್ಲಾಶ್ ಇಲ್ಲದೆ ತೆಗೆಯಲು ಹೇಳಿ. ವಾಟ್ಸಾಪ್ ಫೋಟೊವನ್ನು ಕುಗ್ಗಿಸುವುದರಿಂದ ಡಾಕ್ಯುಮೆಂಟ್ ಆಗಿ ಕಳಿಸಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಅಂಕಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಉಸಿರು ಕಟ್ಟಿಸಬಲ್ಲ ಚಿಕ್ಕ ಭಾಗಗಳಿವೆಯೇ ಎಂದು ನೋಡಲು 31.7 ಮಿಲಿಮೀಟರ್ ಅಗಲದ ಕೊಳವೆಯ ಪರೀಕ್ಷೆಯಿದೆ. ಅದರೊಳಗೆ ಪೂರ್ತಿ ಇಳಿಯುವ ಬಿಡಿಭಾಗ ಅಪಾಯಕಾರಿ. 42 ಮಿಲಿಮೀಟರ್ ಬಳೆ ಇಳಿಯದು. ಬಿಚ್ಚಿ ಬರುವ 28 ಮಿಲಿಮೀಟರ್ ಗುಂಡಿ ಸಲೀಸಾಗಿ ಇಳಿಯುತ್ತದೆ. ಎರಡೂ ಫೋಟೊದಲ್ಲಿ ಅದು ಕಂಬಕ್ಕೆ ಭದ್ರವಾಗಿ ಕೂತಂತೆಯೇ ಕಾಣುತ್ತಿತ್ತು.

ಅವಳು ಆ ಸೆಟ್ಟನ್ನು ಮಾರಾಟಕ್ಕೆ ಹಾಕಲಿಲ್ಲ. ಗುಂಡಿಯಿಲ್ಲದ, ತುದಿ ಉರುಟಾಗಿ ಕಡೆದ ಕಂಬದ ಆರು ಸೆಟ್ಟು ಮಾಡಿಕೊಡಿ ಅಣ್ಣ ಎಂದು ಕೇಳಿದಳು, ಅವರು ಒಪ್ಪಿದರು.