ಉಪವಾಸದಲ್ಲೂ ಸುಮ್ಮನಾಗದ ಇನ್ಸುಲಿನ್

ಊಟ ಬಿಟ್ಟು ರಕ್ತದ ಸಕ್ಕರೆ ಇಳಿಯತೊಡಗಿದರೆ ಆರೋಗ್ಯವಂತರಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸ್ರವಿಸುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ. ಆಗ ಯಕೃತ್ತು ಗ್ಲೂಕೋಸ್ ಬಿಟ್ಟುಕೊಡುತ್ತದೆ, ಕೊಬ್ಬು ಕರಗಿ ಕೀಟೋನ್‌ಗಳು ಹೆಚ್ಚುತ್ತವೆ. ಮಧುಮೇಹವಿಲ್ಲದವರಿಗೆ ಪದೇಪದೇ ಸಕ್ಕರೆ ಕುಸಿದು ಬೆವರು, ನಡುಕ, ಗೊಂದಲ ಕಾಣಿಸಿಕೊಂಡರೆ ತಿಳಿಯಬೇಕಾದದ್ದು ಒಂದೇ: ಕುಸಿದ ಹೊತ್ತಿನಲ್ಲಿ ಇನ್ಸುಲಿನ್ ಸುಮ್ಮನಾಗಿತ್ತೇ? ಆ ಗಳಿಗೆಯ ರಕ್ತ ತಾನಾಗಿ ಕೈಗೆ ಸಿಗುವುದು ಅಪರೂಪ. ಅದಕ್ಕೇ ಆಸ್ಪತ್ರೆಯಲ್ಲಿ, ದಾದಿಯರ ಕಾವಲಿನಲ್ಲಿ, ಹೆಚ್ಚೆಂದರೆ 72 ಗಂಟೆಗಳ ಉಪವಾಸ ಮಾಡಿಸುತ್ತಾರೆ. ಪ್ರಜ್ಞೆ ತಪ್ಪುವ, ಫಿಟ್ಸ್ ಬರುವ ಅಪಾಯವಿರುವುದರಿಂದ ಇದು ಮನೆಯಲ್ಲಿ ಮಾಡಿ ನೋಡುವ ಪರೀಕ್ಷೆಯಲ್ಲ.

ರೋಗಿ ನೀರು ಕುಡಿಯಬಹುದು, ಎಚ್ಚರವಿದ್ದಾಗ ಓಡಾಡಬೇಕು. ಆರು ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ಸಕ್ಕರೆ 60 ಮಿಲಿಗ್ರಾಂಗಿಂತ ಇಳಿದ ಮೇಲೆ ಒಂದೆರಡು ಗಂಟೆಗೊಮ್ಮೆ. ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರ್ ಇಷ್ಟು ಕೆಳಮಟ್ಟದಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ. ತೀರ್ಮಾನಕ್ಕೆ ಪ್ರಯೋಗಾಲಯದ ಅಂಕಿಯೇ ಬೇಕು.

ಇನ್ಸುಲಿನ್ ಜೊತೆಗೆ ಸಿ-ಪೆಪ್ಟೈಡ್ ಅಳೆಯುವುದಕ್ಕೆ ಕಾರಣವಿದೆ. ದೇಹ ಮೊದಲು ಪ್ರೊಇನ್ಸುಲಿನ್ ಎಂಬ ಉದ್ದನೆಯ ಸರಪಳಿಯನ್ನು ಕಟ್ಟುತ್ತದೆ. ಅದು ತುಂಡಾದಾಗ ಒಂದು ಇನ್ಸುಲಿನ್‌ಗೆ ಒಂದು ಸಿ-ಪೆಪ್ಟೈಡ್ ಹೊರಬರುತ್ತದೆ. ಚುಚ್ಚುಮದ್ದಿನ ಇನ್ಸುಲಿನ್‌ನಲ್ಲಿ ಈ ತುಂಡು ಇರುವುದಿಲ್ಲ. ಹೀಗಾಗಿ ಇನ್ಸುಲಿನ್ ಹೆಚ್ಚಿದ್ದು ಸಿ-ಪೆಪ್ಟೈಡ್ ತಳ ಕಂಡಿದ್ದರೆ, ಇನ್ಸುಲಿನ್ ಹೊರಗಿನಿಂದ ಬಂದಿದೆ ಎನ್ನಲು ಅದು ಬಲವಾದ ಸುಳಿವು.

ಒಂದು ಕಾಲ್ಪನಿಕ ಉದಾಹರಣೆ: ಬೆಳಗಿನ ಜಾವ ತಡವರಿಸಿ ಮಾತಾಡುವ ಮಹಿಳೆಯೊಬ್ಬರಿಗೆ ಉಪವಾಸದ 22ನೇ ಗಂಟೆಯಲ್ಲಿ ಗೊಂದಲ ಶುರುವಾಗುತ್ತದೆ. ಸಕ್ಕರೆ 42, ಇನ್ಸುಲಿನ್ 9 ಮೈಕ್ರೊಯೂನಿಟ್, ಸಿ-ಪೆಪ್ಟೈಡ್ 1.8 ನ್ಯಾನೊಗ್ರಾಂ. ಸಕ್ಕರೆ 55ಕ್ಕಿಂತ ಕಡಿಮೆಯಿರುವಾಗ ಇನ್ಸುಲಿನ್ 3, ಸಿ-ಪೆಪ್ಟೈಡ್ 0.6 ಅಥವಾ ಅದಕ್ಕೂ ಹೆಚ್ಚಿದ್ದರೆ ಅಸಹಜ. ಅಂದರೆ ಇನ್ಸುಲಿನ್ 9 ಎಂಬುದು ಊಟದ ನಂತರವಾದರೆ ಮಾಮೂಲು, ಇಲ್ಲಿ ವಿಪರೀತ. ಕೀಟೋನ್ ಕೂಡ ಏರಿಲ್ಲ. ಇನ್ಸುಲಿನ್ ಅದನ್ನು ತಡೆಹಿಡಿದಿದೆ. 1 ಮಿಲಿಗ್ರಾಂ ಗ್ಲುಕಗಾನ್ ಕೊಟ್ಟಾಗ ಸಕ್ಕರೆ 78ಕ್ಕೆ ಜಿಗಿಯುತ್ತದೆ: ಯಕೃತ್ತಿನಲ್ಲಿ ದಾಸ್ತಾನು ಹಾಗೇ ಉಳಿದಿತ್ತು. ಬಳಿಕ ಊಟ ಕೊಟ್ಟು ಉಪವಾಸ ಮುಗಿಸುತ್ತಾರೆ.

ಇಷ್ಟಕ್ಕೇ ಗಡ್ಡೆಯೆಂದು ತೀರ್ಮಾನಿಸುವಂತಿಲ್ಲ. ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆಗಳು ಗ್ರಂಥಿಯನ್ನೇ ಕೆಣಕುವುದರಿಂದ ಅಂಕಿಗಳು ಹೀಗೇ ಬರುತ್ತವೆ. ಮನೆಯ ಹಿರಿಯರ ಮಾತ್ರೆ ಅದಲುಬದಲಾಗಿರಲೂಬಹುದು. ಆದ್ದರಿಂದ ಅದೇ ಹೊತ್ತಿನ ರಕ್ತದಲ್ಲಿ ಈ ಔಷಧಿಗಳನ್ನೂ, ಜೊತೆಗೆ ಇನ್ಸುಲಿನ್ ವಿರುದ್ಧದ ಪ್ರತಿಕಾಯಗಳನ್ನೂ ಹುಡುಕುತ್ತಾರೆ. ಮೂತ್ರಪಿಂಡ ಸೋತವರಲ್ಲಿ ಸಿ-ಪೆಪ್ಟೈಡ್ ಹೊರಹೋಗದೆ ಉಳಿದು ದಾರಿ ತಪ್ಪಿಸುತ್ತದೆ. ಕೆಂಪುಕಣ ಒಡೆದ ಮಾದರಿಯಲ್ಲಿ ಇನ್ಸುಲಿನ್ ನಶಿಸಿ ಅಂಕಿ ಕಡಿಮೆ ಬರುತ್ತದೆ.

ಇವೆಲ್ಲ ಕಳೆದು ಉಳಿದರೆ ಮಾತ್ರ ಇನ್ಸುಲಿನೋಮಾ ಗಡ್ಡೆಗಾಗಿ ಸ್ಕ್ಯಾನ್. ಈ ಕ್ರಮ ತಿರುಗಿಸಿದರೆ, ಯಾವುದೋ ನಿರುಪದ್ರವಿ ಗಂಟು ಕಣ್ಣಿಗೆ ಬಿದ್ದು ಬೇಡದ ಶಸ್ತ್ರಚಿಕಿತ್ಸೆಗೆ ದಾರಿಯಾಗಬಹುದು.