ರೂಬ್ರಿಕ್ ಅಸ್ಪಷ್ಟವಾಗಿದ್ದಾಗ ಅಧ್ಯಾಪಕರಿಗೆ ಬರೆಯುವ ಪತ್ರ

ಅಸೈನ್‌ಮೆಂಟಿನ ಜೊತೆಗೆ ಅಧ್ಯಾಪಕರು ಕೊಡುವ ರೂಬ್ರಿಕ್ ಒಂದು ಕೋಷ್ಟಕ. ಎಡಗಡೆ ವಿಷಯ ನಿರೂಪಣೆ, ವಿಶ್ಲೇಷಣೆ, ಭಾಷೆ ಮೊದಲಾದ ಮಾನದಂಡಗಳಿರುತ್ತವೆ. ಮೇಲಿನ ಸಾಲಿನಲ್ಲಿ ಅತ್ಯುತ್ತಮ, ಉತ್ತಮ, ಸಾಧಾರಣ ಎಂಬ ಹಂತಗಳಿರುತ್ತವೆ. ನಡುವಿನ ಪ್ರತಿ ಮನೆಯಲ್ಲೂ ಆ ಹಂತದ ಬರವಣಿಗೆ ಹೇಗಿರಬೇಕೆಂಬ ವಿವರಣೆ, ಅದಕ್ಕೆ ಸಿಗುವ ಅಂಕ ಇರುತ್ತದೆ.

ಗೊಂದಲ ಹುಟ್ಟುವುದು ಹೆಚ್ಚಾಗಿ ಈ ವಿವರಣೆಗಳಲ್ಲಿ. ‘ಸಾಕಷ್ಟು’, ‘ಸೂಕ್ತ’, ‘ಆಳವಾದ’ ಎಂದು ಬರೆಯುವಾಗ ಅಧ್ಯಾಪಕರ ಮನಸ್ಸಿನಲ್ಲಿ ಒಂದು ಅಳತೆ ಇರುತ್ತದೆ. ವಿದ್ಯಾರ್ಥಿಗೆ ಕಾಣುವುದು ಪದ ಮಾತ್ರ, ಅಳತೆ ಕಾಣುವುದಿಲ್ಲ. ಇನ್ನು ಕೆಲವೊಮ್ಮೆ ಪ್ರಶ್ನೆಗೂ ರೂಬ್ರಿಕ್‌ಗೂ ತಾಳೆಯಾಗುವುದಿಲ್ಲ: ಪ್ರಶ್ನೆ ‘ವಿವರಿಸಿ’ ಎಂದರೆ ಅಂಕಗಳು ‘ವಿಮರ್ಶೆ’ಗೆ ಮೀಸಲಾಗಿರುತ್ತವೆ. ಒಂದೇ ಮನೆಯಲ್ಲಿ ಎರಡು ಗುಣಗಳನ್ನು ಸೇರಿಸಿದಾಗಲೂ ತೊಡಕಾಗುತ್ತದೆ. ‘ತರ್ಕಬದ್ಧ ಹಾಗೂ ದೋಷರಹಿತ ಬರವಣಿಗೆ’ ಎಂದಿದ್ದರೆ, ತರ್ಕ ಚೆನ್ನಾಗಿದ್ದು ಕಾಗುಣಿತ ತಪ್ಪಿದ ಬರಹ ಯಾವ ಹಂತಕ್ಕೆ ಸೇರಬೇಕೆಂದು ತಿಳಿಯುವುದಿಲ್ಲ.

ಬಿ.ಎ. ಅರ್ಥಶಾಸ್ತ್ರದ ಒಂದು ಅಸೈನ್‌ಮೆಂಟನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪ್ರಶ್ನೆ: ‘ನಿಮ್ಮ ಊರಿನ ವಾರದ ಸಂತೆಯ ಆರ್ಥಿಕ ಚಟುವಟಿಕೆಗಳನ್ನು ವಿವರಿಸಿ.’ ಒಟ್ಟು 20 ಅಂಕಗಳಲ್ಲಿ ನಿರೂಪಣೆಗೆ 6, ‘ವಿಮರ್ಶಾತ್ಮಕ ವಿಶ್ಲೇಷಣೆ’ಗೆ 8, ಆಕರಗಳಿಗೆ 4, ಭಾಷೆಗೆ 2. ಆಕರಗಳ ಸಾಲಿನಲ್ಲಿ ‘ಸಾಕಷ್ಟು ಪ್ರಾಥಮಿಕ ಮಾಹಿತಿ’ ಬೇಕೆಂದಿದೆ. ವಿಶ್ಲೇಷಣೆಯಲ್ಲಿ 5ರಿಂದ 7 ಅಂಕ ‘ಉತ್ತಮ’, 7ರಿಂದ 8 ‘ಅತ್ಯುತ್ತಮ’.

ಇಲ್ಲಿ ಅಸ್ಪಷ್ಟತೆಗಳು ಮೂರು. ಆದರೆ ಮೂರನ್ನೂ ಪತ್ರದಲ್ಲಿ ಕೇಳಬೇಕಿಲ್ಲ. 7 ಅಂಕ ಎರಡು ಹಂತಗಳಲ್ಲಿ ಬಂದಿರುವುದು ಮೌಲ್ಯಮಾಪಕರ ಲೆಕ್ಕಕ್ಕೆ ಸೇರಿದ ದೋಷ. ಅದರಿಂದ ವಿದ್ಯಾರ್ಥಿ ಮಾಡುವ ಕೆಲಸ ಬದಲಾಗುವುದಿಲ್ಲ. ಉಳಿದೆರಡು ಹಾಗಲ್ಲ. ಬರಿಯ ವಿವರಣೆ ಸಾಕೇ, ವಿಮರ್ಶೆ ಬೇಕೇ ಎಂಬುದರ ಮೇಲೆ ಇಡೀ ಬರಹದ ಸ್ವರೂಪ ನಿಂತಿದೆ. ಎಷ್ಟು ವ್ಯಾಪಾರಿಗಳನ್ನು ಮಾತನಾಡಿಸಬೇಕು ಎಂಬುದರ ಮೇಲೆ ಎಷ್ಟು ವಾರ ಸಂತೆಗೆ ಹೋಗಬೇಕು ಎಂಬುದು ನಿಂತಿದೆ. ಉತ್ತರ ಸಿಕ್ಕರೆ ಮಾಡುವ ಕೆಲಸ ಬದಲಾಗುತ್ತದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆಯನ್ನು ಆರಿಸುವ ಒರೆಗಲ್ಲು.

ಪತ್ರ ಹೀಗಿರಬಹುದು:

‘ವಿಷಯ: ಐದನೇ ಸೆಮಿಸ್ಟರ್ ಅರ್ಥಶಾಸ್ತ್ರ, ಸಂತೆ ಅಸೈನ್‌ಮೆಂಟಿನ ರೂಬ್ರಿಕ್ ಕುರಿತು ಎರಡು ಪ್ರಶ್ನೆಗಳು.

ಮಾನ್ಯರೇ, ಪ್ರಶ್ನೆಯಲ್ಲಿ “ವಿವರಿಸಿ” ಎಂದಿದೆ. ರೂಬ್ರಿಕ್‌ನಲ್ಲಿ “ವಿಮರ್ಶಾತ್ಮಕ ವಿಶ್ಲೇಷಣೆ”ಗೆ 8 ಅಂಕಗಳಿವೆ. ಸಂತೆಯಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ಚರ್ಚೆಯನ್ನು ಇದು ಬಯಸುತ್ತದೆ ಎಂದು ತಿಳಿದಿದ್ದೇನೆ. ಇದು ಸರಿಯೇ? “ಸಾಕಷ್ಟು ಪ್ರಾಥಮಿಕ ಮಾಹಿತಿ”ಗಾಗಿ ಹತ್ತು ವ್ಯಾಪಾರಿಗಳ ಸಂದರ್ಶನ ಮಾಡಬೇಕೆಂದಿದ್ದೇನೆ. ಇದು ಸಾಕೇ, ಅಥವಾ ಪಂಚಾಯಿತಿಯ ಸುಂಕದ ದಾಖಲೆಗಳೂ ಬೇಕೇ? ಮುಂದಿನ ಸಂತೆ ಬರುವ ಮಂಗಳವಾರ ಇರುವುದರಿಂದ ಅದಕ್ಕೆ ಮೊದಲು ತಮ್ಮ ಉತ್ತರ ಸಿಕ್ಕರೆ ಅನುಕೂಲವಾಗುತ್ತದೆ. ವಂದನೆಗಳೊಂದಿಗೆ.’

ರೂಬ್ರಿಕ್‌ನ ಪದಗಳನ್ನು ಇಲ್ಲಿ ಇದ್ದಂತೆಯೇ ಎತ್ತಿ ಬರೆದಿರುವುದರಿಂದ ಅಧ್ಯಾಪಕರು ಹುಡುಕಾಡಬೇಕಿಲ್ಲ. ವಿದ್ಯಾರ್ಥಿ ತಾನು ಅರ್ಥಮಾಡಿಕೊಂಡದ್ದನ್ನು ಮುಂದಿಟ್ಟು ಸರಿಯೇ ಎಂದು ಕೇಳಿರುವುದರಿಂದ ಒಂದೆರಡು ಸಾಲಿನಲ್ಲೇ ಉತ್ತರಿಸಬಹುದು. ‘ರೂಬ್ರಿಕ್ ಅರ್ಥವಾಗಲಿಲ್ಲ, ದಯವಿಟ್ಟು ವಿವರಿಸಿ’ ಎಂಬ ಪತ್ರಕ್ಕೆ ಈ ಅನುಕೂಲವಿಲ್ಲ; ಯಾವ ಮಾತು ಅರ್ಥವಾಗಲಿಲ್ಲ ಎಂದು ಅಧ್ಯಾಪಕರೇ ಊಹಿಸಬೇಕಾಗುತ್ತದೆ. ‘ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಅರ್ಜಿಯ ಒಕ್ಕಣೆಯೂ ಇಲ್ಲಿ ಬೇಕಾಗುವುದಿಲ್ಲ. ‘ಮಾನ್ಯರೇ’, ‘ತಮ್ಮ’ ಎಂಬ ಮಾತುಗಳಲ್ಲೇ ಗೌರವವಿದೆ.

ಪತ್ರ ಬರೆಯಲು ತಕ್ಕ ಕಾಲ ಕೆಲಸಕ್ಕೆ ಕೈಹಾಕುವ ಮೊದಲು. ಸಲ್ಲಿಕೆಯ ಹಿಂದಿನ ರಾತ್ರಿ ಕೇಳಿದರೆ ಉತ್ತರ ಬಂದರೂ ಸಂತೆ ಮುಗಿದಿರುತ್ತದೆ. ತರಗತಿಯಲ್ಲಿ ಬಾಯಿಮಾತಿನಲ್ಲಿ ಕೇಳುವುದು ಸುಲಭವಾದರೂ, ಬರವಣಿಗೆಯ ಉತ್ತರ ಅಂಕ ಕೊಡುವ ಹೊತ್ತಿಗೂ ಇಬ್ಬರ ಬಳಿಯೂ ಉಳಿದಿರುತ್ತದೆ. ಒಬ್ಬರಿಗೆ ಕೊಟ್ಟ ಸ್ಪಷ್ಟನೆಯನ್ನು ಇಡೀ ತರಗತಿಗೆ ತಿಳಿಸುವುದು ನ್ಯಾಯ. ಹಾಗಾಗಿ ಉತ್ತರ ಎಲ್ಲರೆದುರು ಬಂದರೆ ವಿದ್ಯಾರ್ಥಿ ಮುಜುಗರಪಡಬೇಕಿಲ್ಲ.

ಇಂಥ ಪತ್ರಕ್ಕೆ ಮಿತಿಯೂ ಇದೆ. ‘ಹೀಗೆ ಬರೆದರೆ 8ಕ್ಕೆ 8 ಸಿಗುವುದೇ?’ ಎಂದು ಕೇಳಿದರೆ ಅದು ಸ್ಪಷ್ಟನೆ ಕೇಳಿದಂತಲ್ಲ, ಓದುವ ಮೊದಲೇ ಅಂಕ ಕೇಳಿದಂತೆ. ಯಾವ ಸಂಗತಿಯನ್ನು ವಿಮರ್ಶಿಸಬೇಕು ಎಂಬುದನ್ನು ಅಧ್ಯಾಪಕರು ಬೇಕೆಂದೇ ಬಿಟ್ಟಿರಬಹುದು, ಏಕೆಂದರೆ ಅದನ್ನು ಆರಿಸುವುದೂ ಪರೀಕ್ಷೆಯ ಭಾಗ. ಅಂಥ ಕಡೆ ‘ಅದು ನಿಮಗೆ ಬಿಟ್ಟದ್ದು’ ಎಂಬ ಮಾತೇ ಪೂರ್ಣ ಉತ್ತರ.

ಉತ್ತರವೇ ಬಾರದಿದ್ದರೆ ಒಮ್ಮೆ ವಿನಯದಿಂದ ನೆನಪಿಸಬಹುದು. ಆಗಲೂ ಬಾರದಿದ್ದರೆ ವಿದ್ಯಾರ್ಥಿ ತಾನು ಹಿಡಿದ ಅರ್ಥವನ್ನು ಬರಹದ ಪೀಠಿಕೆಯಲ್ಲೇ ಹೇಳಬೇಕು: ‘ಇಲ್ಲಿ ಪ್ರಾಥಮಿಕ ಮಾಹಿತಿ ಎಂದರೆ ಹತ್ತು ವ್ಯಾಪಾರಿಗಳ ಸಂದರ್ಶನ.’ ಆಗ ಆ ಬರಹ ಯಾವ ಆಧಾರದ ಮೇಲೆ ನಿಂತಿದೆ ಎಂಬುದು ಮೌಲ್ಯಮಾಪಕರಿಗೆ ಮೊದಲ ಪುಟದಲ್ಲೇ ತಿಳಿಯುತ್ತದೆ.